ಲೆನ್ಸ್ ಹಾಕಿದರೆ ಬಣ್ಣಗುರುಡು ವಾಸಿಯಾಗುವುದಿಲ್ಲ

“ಈ ಕೆಂಪು ಲೆನ್ಸ್ ಹಾಕಿದ ತಕ್ಷಣ ಚುಕ್ಕಿ ಪುಸ್ತಕದ ನಂಬರ್ ಎಲ್ಲಾ ಓದಿದ. ಬಣ್ಣಗುರುಡು ವಾಸಿಯಾಯ್ತು!”

ಓದಿರಬಹುದು, ಆದರೆ ವಾಸಿಯಾಗಿಲ್ಲ. ಆ ಚುಕ್ಕಿ ಪುಸ್ತಕ ಎಂದರೆ ಬಣ್ಣಗುರುಡು ಪರೀಕ್ಷಿಸುವ ಇಶಿಹಾರ ಪುಸ್ತಕ. ಅದರ ಒಂದು ಪುಟದಲ್ಲಿ ಬೇರೆಯವರಿಗೆ 8 ಕಂಡರೆ, ಕೆಂಪು-ಹಸಿರು ಗೊಂದಲ ಇರುವವರಿಗೆ 3 ಕಾಣುತ್ತದೆ. ಅಲ್ಲಿ ಚುಕ್ಕಿಗಳ ಗಾಢತೆಯನ್ನು ಬೇಕೆಂದೇ ಕಲಸಿರುತ್ತಾರೆ. ಅಂಕಿ ಸಿಗಬೇಕಾದರೆ ಬಣ್ಣವೇ ಗೊತ್ತಾಗಬೇಕು. ಕೆಂಪು ಲೆನ್ಸ್ ಹಸಿರು ಬೆಳಕನ್ನು ತಡೆಯುತ್ತದೆ. ಹಸಿರು ಚುಕ್ಕಿ ಕಪ್ಪಾಗುತ್ತದೆ, ಕೆಂಪು ಚುಕ್ಕಿ ತಿಳಿಯಾಗಿ ಎದ್ದು ಕಾಣುತ್ತದೆ. ಅವನು ಓದಿದ್ದು ಕಪ್ಪು-ಬಿಳುಪಿನ ವ್ಯತ್ಯಾಸವನ್ನು, ಬಣ್ಣವನ್ನಲ್ಲ. ಅದಕ್ಕೇ ಪರೀಕ್ಷೆಗೆ ಮುಂಚೆ ಇಂಥ ಲೆನ್ಸ್ ತೆಗೆಸುತ್ತಾರೆ.

ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶದಲ್ಲಿ ಹುಟ್ಟಿನಿಂದ ಇರುವ ದೋಷ ಗಾಜಿನಿಂದ ಹೋಗುವುದಿಲ್ಲ. ಬಟ್ಟೆ, ಹಣ್ಣು ಆರಿಸಲು ಕೆಲವರಿಗೆ ಅನುಕೂಲ, ನಿಜ. ಆದರೆ ರಾತ್ರಿ ಗಾಡಿ ಓಡಿಸುವಾಗ ದಯವಿಟ್ಟು ಬೇಡ. ಹಸಿರು ಸಿಗ್ನಲ್ಲೇ ಮಂಕಾಗುತ್ತದೆ.