ಅಗ್ಗದ ಟೀವಿ ಕಾರ್ಟೂನ್: ಆ ದಾರಿ ಸರಿಯಿತ್ತೇ?

ಪರ

1957ರಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಟಾಮ್ ಅಂಡ್ ಜೆರಿಗೆ ಏಳು ಆಸ್ಕರ್ ಬರುವಂತೆ ಮಾಡಿದ್ದ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಕೆಲಸ ಕಳೆದುಕೊಂಡರು. ಇನ್ನು ಉಳಿದ ದಾರಿ ಟೀವಿ. ಏಳೆಂಟು ನಿಮಿಷದ ಒಂದು ಟಾಮ್ ಅಂಡ್ ಜೆರಿಗೆ 40,000 ಡಾಲರಿನಷ್ಟು ಖರ್ಚಾಗುತ್ತಿತ್ತು. ಟೀವಿಯವರು ಐದು ನಿಮಿಷಕ್ಕೆ ಕೊಟ್ಟದ್ದು ಸುಮಾರು 3,000. ಅಷ್ಟರಲ್ಲಿ ಹಳೆಯ ರೀತಿಯ ಕೆಲಸ ಆಗುವ ಮಾತೇ ಇರಲಿಲ್ಲ. ಅದಕ್ಕೇ ಇಬ್ಬರೂ ಚಿತ್ರಗಳನ್ನು ಕಡಿಮೆ ಮಾಡಿ, ಬಿಡಿಸಿದ್ದನ್ನೇ ಮತ್ತೆ ಮತ್ತೆ ಬಳಸುವ ದಾರಿ ಹಿಡಿದರು.

ಅವರು ಟೀವಿಗೆ ಮಾಡಿದ ಕರಡಿ ಯೋಗಿ ಬೇರ್ ಕತ್ತಿನ ಕಾಲರ್ ಮತ್ತು ಟೈ ನೋಡಿ. ಅದು ಬರೀ ಅಲಂಕಾರ ಅಲ್ಲ. ಯೋಗಿಯ ಮೈಯನ್ನು ಒಂದು ಪಾರದರ್ಶಕ ಹಾಳೆಯ ಮೇಲೆ ಒಮ್ಮೆ ಬಿಡಿಸಿ ಹಾಗೇ ಇಡುತ್ತಿದ್ದರು. ತಲೆ, ಬಾಯಿ ಬೇರೆ ಹಾಳೆಗಳಲ್ಲಿ ಇರುತ್ತಿದ್ದವು. ಎರಡೂ ಸೇರುವ ಜಾಗವನ್ನು ಕಾಲರ್ ಮುಚ್ಚಿಬಿಡುತ್ತಿತ್ತು. ಯೋಗಿ ಎಷ್ಟು ಹೊತ್ತು ಮಾತಾಡಿದರೂ ಕೆಲವೇ ಬಾಯಿಗಳನ್ನು ಮಾತಿಗೆ ತಕ್ಕ ಹಾಗೆ ಮತ್ತೆ ಮತ್ತೆ ಜೋಡಿಸಿದರೆ ಸಾಕಿತ್ತು. ಜೀವ ತುಂಬುತ್ತಿದ್ದದ್ದು ಡಾಸ್ ಬಟ್ಲರ್ ದನಿ.

ಆಗಿನ ಪುಟ್ಟ ಪರದೆಯಲ್ಲಿ ನವಿರಾದ ಚಲನೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ದಪ್ಪ ಗೆರೆ, ಹತ್ತಿರದಿಂದ ತೋರಿಸಿದ ಮುಖ, ಒಳ್ಳೆಯ ಮಾತು ಚೆನ್ನಾಗಿ ಒಪ್ಪುತ್ತಿದ್ದವು. ಎಂಜಿಎಂ ಬಿಟ್ಟ ಎಷ್ಟೋ ಕಲಾವಿದರು ಇಲ್ಲಿಯೇ ಮತ್ತೆ ಪೆನ್ಸಿಲ್ ಹಿಡಿದರು. ಈ ದಾರಿ ಇಲ್ಲದಿದ್ದರೆ ಅವರ ಕೈಗೆ ಕೆಲಸ ಎಲ್ಲಿತ್ತು?

ವಿರೋಧ

ದುಡ್ಡಿರಲಿಲ್ಲ, ಒಪ್ಪೋಣ. ಆದರೆ ಕಳೆದುಕೊಂಡದ್ದನ್ನೂ ನೋಡಬೇಕು ಅಲ್ವಾ? ಟಾಮ್ ಹೆಚ್ಚುಕಡಿಮೆ ಮೂಕ. ಅವನು ಗಾಳಿಯಲ್ಲಿ ಕೈಕಾಲು ಬಡಿದು, ನೆಲಕ್ಕೆ ಬಿದ್ದು ಚಪ್ಪಟೆಯಾಗುವಾಗ ಆ ಮೈಯೇ ನಗಿಸುತ್ತದೆ. ಟೀವಿ ಕಾರ್ಟೂನಿನಲ್ಲಿ ಪಾತ್ರ ಓಡಿ ಪರದೆಯ ಆಚೆ ಹೋಗುತ್ತದೆ. ದಡಾರ್ ಅಂತ ಸದ್ದಾಗುತ್ತದೆ, ಚಿತ್ರ ಅಲುಗುತ್ತದೆ. ಬಿದ್ದದ್ದನ್ನು ನಾವು ನೋಡುವುದೇ ಇಲ್ಲ.

1960ರಲ್ಲಿ ಶುರುವಾದ, ಹನ್ನಾ ಮತ್ತು ಬಾರ್ಬೆರಾ ಅವರದೇ ಟೀವಿ ಕಾರ್ಟೂನ್ ಫ್ಲಿಂಟ್‌ಸ್ಟೋನ್ಸ್‌ನಲ್ಲಿ ಫ್ರೆಡ್ ಮನೆಯೊಳಗೆ ಓಡುವಾಗ ಅದೇ ಕಿಟಕಿ ಎಷ್ಟು ಸಲ ದಾಟುತ್ತದೆ ಎಂದು ಗಮನಿಸಿ. ಒಂದು ಉದ್ದನೆಯ ಹಿನ್ನೆಲೆ ಚಿತ್ರದ ಎರಡು ತುದಿ ಒಂದಕ್ಕೊಂದು ಕೂಡುವಂತೆ ಬಿಡಿಸಿ, ಕ್ಯಾಮೆರಾ ಕೆಳಗೆ ಸರಿಸುವುದು. ಮೇಲೆ ಓಡುವ ಕಾಲುಗಳ ನಾಲ್ಕಾರು ಚಿತ್ರಗಳನ್ನು ಸುತ್ತಿ ಸುತ್ತಿ ಬಳಸುವುದು. ದೃಶ್ಯ ಎಷ್ಟು ಉದ್ದ ಬೇಕಾದರೂ ಆಗುತ್ತದೆ, ಕಥೆ ಮಾತ್ರ ನಿಂತಲ್ಲೇ ಇರುತ್ತದೆ. ಸುಮ್ನೆ ಹೊತ್ತು ತುಂಬಿಸಿದಂತೆ. ಇನ್ನೊಂದು ಕೊರತೆಯೂ ಕಣ್ಣಿಗೆ ಹೊಡೆಯುತ್ತದೆ. ಗೋಡೆಯ ಬಣ್ಣಕ್ಕೆ ಹೊಂದದೆ ಒಂದು ಬಾಗಿಲು ಮಾತ್ರ ಸಪಾಟಾಗಿ ಕಂಡರೆ, ಅದು ಈಗ ತೆರೆಯುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಅಲುಗುವ ವಸ್ತುವನ್ನು ಬೇರೆ ಹಾಳೆಯಲ್ಲಿ ಬಿಡಿಸುತ್ತಿದ್ದರಲ್ಲ, ಅದಕ್ಕೇ.

ಚಿತ್ರ ಕಡಿಮೆ ಇದೆ ಎಂದು ತಕರಾರಲ್ಲ. 1950ರಲ್ಲಿ ಯುಪಿಎ ಸ್ಟುಡಿಯೋ ‘ಜೆರಾಲ್ಡ್ ಮೆಕ್‌ಬೋಯಿಂಗ್-ಬೋಯಿಂಗ್’ ಮಾಡಿದಾಗಲೂ ಚಲನೆ ಕಡಿಮೆಯೇ ಇತ್ತು. ಆದರೆ ಅಲ್ಲಿ ಹುಡುಗನ ಮನಸ್ಸಿನ ಜೊತೆ ಹಿನ್ನೆಲೆಯ ಬಣ್ಣ ಬದಲಾಗುತ್ತದೆ. ಅವನು ನೊಂದು ಮನೆ ಬಿಟ್ಟು ಓಡುವಾಗ ಪರದೆಯೆಲ್ಲ ಕಪ್ಪಾಗುತ್ತದೆ. ಫ್ರೆಡ್ ಹೆದರಿ ಓಡಿದರೂ ಖುಷಿಯಿಂದ ಓಡಿದರೂ ಹಿಂದೆ ಅದೇ ಗೋಡೆ, ಅದೇ ಕಿಟಕಿ.