ಪತಿ ಕೆ.ಜಿ.ಗೆ 40 ರೂಪಾಯಿ

ರಾತ್ರಿ ಒಂಬತ್ತೂವರೆಗೆ ನನ್ನ ಮಗನ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಲೆಕ್ಕ ಬಂತು. 'ಟೊಮೆಟೊ ಬೆಲೆ ಪತಿ ಕೆ.ಜಿ.ಗೆ 40 ರೂಪಾಯಿ. 3 ಕೆ.ಜಿ.ಗೆ ಎಷ್ಟು?'

ನಾನು ಪಾತ್ರೆ ತೊಳೆಯುತ್ತಿದ್ದೆ. ಓದಿ, ಕೈ ಒರೆಸಿಕೊಂಡು ಸೋಫಾದ ಕಡೆ ನೋಡಿದೆ. ನಮ್ಮನೆಯವರು 82 ಕೆ.ಜಿ. ನಲವತ್ತರಂತೆ 3,280 ರೂಪಾಯಿ ಆಗುತ್ತದೆ. ಮದುವೆಗೆ ನಮ್ಮಪ್ಪ ಮಾಡಿದ ಖರ್ಚಿಗೆ ಹೋಲಿಸಿದರೆ ಮಾಲು ತುಂಬಾ ಅಗ್ಗ.

ಗುಂಪಿನಲ್ಲಿ ಯಾರೂ ನಗಲಿಲ್ಲ. ಅರ್ಧ ನಿಮಿಷದಲ್ಲಿ ಮೂರು ಜನ '120' ಅಂತ ಹಾಕಿದರು. ಒಬ್ಬರು ಹೆಬ್ಬೆರಳು ತೋರಿಸಿದರು. ಇಬ್ಬರು ಕೈ ಮುಗಿದರು. ಪತಿಯನ್ನು ತೂಕದ ಲೆಕ್ಕದಲ್ಲಿ ಮಾರುವುದರ ಬಗ್ಗೆ ಮೂವತ್ತೆಂಟು ಪೋಷಕರಲ್ಲಿ ಒಬ್ಬರದೂ ತಕರಾರಿಲ್ಲ.

ವಿಷಯ ಇಷ್ಟೇ. ಹದಿನೇಳನೇ ನಂಬರಿನ ಹುಡುಗನ ಅಪ್ಪನಿಗೆ ಕನ್ನಡದಲ್ಲಿ ಟೈಪ್ ಮಾಡಲು ಬೇಜಾರು. ಅವರು ಪುಸ್ತಕದ ಫೋಟೊ ಹೊಡೆಯುತ್ತಾರೆ, ಬೇಕಾದ ಪ್ರಶ್ನೆಯ ಸುತ್ತ ಚೌಕ ಎಳೆಯುತ್ತಾರೆ. ಫೋನು ಆ ಚೌಕದೊಳಗಿನ ಅಕ್ಷರಗಳನ್ನು ತಾನೇ ಓದಿ ಟೈಪ್ ಮಾಡಿ ಕೊಡುತ್ತದೆ. ಅದನ್ನು ಕಾಪಿ ಮಾಡಿ ಗುಂಪಿಗೆ ಹಾಕುತ್ತಾರೆ. ಪುಸ್ತಕದಲ್ಲಿ ಇದ್ದದ್ದು 'ಪ್ರತಿ ಕೆ.ಜಿ.ಗೆ'. ಗುಂಪಿಗೆ ಬರುವಷ್ಟರಲ್ಲಿ ರ ಒತ್ತು ಉದುರಿ ಪತಿ ಉಳಿದಿದ್ದ.

ಚೌಕ ಎಳೆಯುವುದರಲ್ಲೇ ಇದೆ ಗುಟ್ಟು. ಇಂಗ್ಲಿಷ್ ಅಕ್ಷರಗಳು ಬಸ್ಸಿನ ಕ್ಯೂನಲ್ಲಿ ನಿಂತ ಹಾಗೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಒಂದರ ಕೆಳಗೆ ಇನ್ನೊಂದು ನೇತಾಡುತ್ತವೆ. ಸಾಲಿನ ಕೆಳಗೆ ಅವಕ್ಕೆ ಒಂದಿಷ್ಟು ಜಾಗ ಬೇಕು. ನೀಟಾಗಿ ಇರಲಿ ಅಂತ ನಾವು ಚೌಕವನ್ನು ಅಕ್ಷರದ ಬುಡಕ್ಕೇ ಎಳೆದುಬಿಡುತ್ತೇವೆ. ಒಂದೇ ಸಾಲಿನ ಪ್ರಶ್ನೆಯಾದರೆ ಕಥೆ ಮುಗಿಯಿತು, ಸಾಲಿನ ಒತ್ತುಗಳೆಲ್ಲ ಚೌಕದ ಆಚೆ.

ಇಡೀ ಪುಟದ ಫೋಟೊ ಕೊಟ್ಟರೂ ಅಪಾಯ ತಪ್ಪಿದ್ದಲ್ಲ. ಓದುವ ತಂತ್ರಾಂಶ ಮೊದಲು ಪುಟವನ್ನು ಸಾಲು ಸಾಲಾಗಿ ಬಿಡಿಸಬೇಕು. ಅದಕ್ಕೆ ಹಳೆಯ ಸುಲಭದ ದಾರಿ ಅಂದರೆ ಸಾಲುಗಳ ನಡುವೆ ಶಾಯಿ ಇಲ್ಲದ ಬಿಳಿ ಪಟ್ಟಿ ಹುಡುಕಿ ಅಲ್ಲಿ ಕತ್ತರಿಸುವುದು. ಒತ್ತೊತ್ತಾಗಿ ಅಚ್ಚು ಹಾಕಿದ ಕನ್ನಡ ಪುಟದಲ್ಲಿ ಅಂಥ ಪಟ್ಟಿ ಎಲ್ಲಿದೆ? ಮೇಲಿನ ಸಾಲಿನ ಒತ್ತುಗಳು ಕೆಳಗೆ ಇಳಿದಿರುತ್ತವೆ. ಕೆಳಗಿನ ಸಾಲಿನ ಗುಡಿಸುಗಳು ಮೇಲೆ ಏರಿರುತ್ತವೆ. ಪುಸ್ತಕ ಸ್ವಲ್ಪ ಬಾಗಿದ್ದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಕತ್ತರಿ ತಪ್ಪು ಜಾಗಕ್ಕೆ ಬಿದ್ದರೆ ಒತ್ತು ಮನೆ ಬಿಟ್ಟು ಕೆಳಗಿನ ಸಾಲಿನವರ ತಲೆಯ ಮೇಲೆ ಬೀಳುತ್ತದೆ. ಅಲ್ಲಿ ಅದನ್ನು ಕಸ ಅಂತ ಗುಡಿಸಿ ಹಾಕುತ್ತಾರೆ.

ನೀವು ಕೇಳಬಹುದು, ಒತ್ತೆಲ್ಲ ಹೋದ ಮೇಲೆ 'ಎಷ್ಟು' ಮಾತ್ರ ಹೇಗೆ ಸರಿಯಾಗಿ ಬಂತು ಅಂತ. ನಾನೂ ಇದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ಒತ್ತು ಹೋದರೆ ಅದು 'ಎಷು' ಆಗುತ್ತದೆ. ಹಾಗೊಂದು ಪದ ಕನ್ನಡದಲ್ಲಿ ಇಲ್ಲ. ಓದಿದ್ದನ್ನು ತಂತ್ರಾಂಶ ಎಷ್ಟೋ ಸಲ ತನಗೆ ಗೊತ್ತಿರುವ ಪದಗಳ ಜೊತೆ ತಾಳೆ ನೋಡಿ, ಹತ್ತಿರದ ಪದ ಕೂರಿಸುತ್ತದೆ. ಹಾಗಾಗಿ ಎಷು ರಿಪೇರಿಯಾಗಿ 'ಎಷ್ಟು' ಆಯಿತು. ಪತಿ ಹಾಗಲ್ಲ. ಪತಿ ಒಳ್ಳೆಯ ಪದ. ನಿಘಂಟಿನಲ್ಲಿ ಇದ್ದಾನೆ, ಲಗ್ನಪತ್ರಿಕೆಯಲ್ಲಿ ಇದ್ದಾನೆ, ನಮ್ಮ ಸೋಫಾದ ಮೇಲೂ ಇದ್ದಾನೆ. ಅವನನ್ನು ಯಾರು ಅನುಮಾನಿಸುತ್ತಾರೆ? ಓದಿದ್ದು ಹಾಳುಮೂಳಾಗಿದ್ದರೆ ಕಣ್ಣಿಗೆ ರಾಚುತ್ತದೆ. ಮರ್ಯಾದಸ್ಥ ಪದವಾಗಿ ಬಂದ ತಪ್ಪಿಗೆ ಮಾತ್ರ ಎಲ್ಲರೂ ಎದ್ದು ಕುರ್ಚಿ ಕೊಡುತ್ತಾರೆ.

ಹಾಗೇ ಒಂದು ದಿನ ಹಳ್ಳಿ ಹಳಿಯಾಗಿ ಬಂತು. 'ಹಳಿಯ ಜನರ ಮುಖ್ಯ ಕಸುಬು ಯಾವುದು?' ಅಂತ. ಬೇಸಾಯ ಅಂತ ಬರೆಯಬೇಕಾದ ಜಾಗದಲ್ಲಿ ಒಬ್ಬರು 'ಗ್ಯಾಂಗ್‌ಮನ್ ಕೆಲಸ' ಅಂತ ಬರೆದರು. ಅವರ ಮಾವ ರೈಲ್ವೆಯಲ್ಲಿ ಇದ್ದವರಂತೆ. ಇನ್ನೊಂದು ದಿನ 'ಕನ್ನಡದಲ್ಲಿ ಎಷ್ಟು ಸರಗಳಿವೆ?' ಅಂತ ಬಂತು. ಸ್ವರದ ವ ಒತ್ತು ಉದುರಿತ್ತು. ಉತ್ತರ 13. 'ನಮ್ಮತ್ತೆ ಹತ್ರ ಎರಡೇ ಇರೋದು' ಅಂತ ನಾನು ಬರೆದೆ. ಗುಂಪಿನ ಅಡ್ಮಿನ್ ನನ್ನ ಮೆಸೇಜ್ ಡಿಲೀಟ್ ಮಾಡಿದರು.

ಇವೆಲ್ಲ ನಗುವ ಮಾತಾಯಿತು. ವೃತ್ತದ ಲೆಕ್ಕ ಬಂದ ದಿನ ನಗು ನಿಂತಿತು.

ಪುಸ್ತಕದಲ್ಲಿ ಇದ್ದದ್ದು: 'ವೃತ್ತದ ವ್ಯಾಸ 14 ಸೆಂ.ಮೀ. ಆದರೆ ಅದರ ಪರಿಧಿ ಕಂಡುಹಿಡಿಯಿರಿ.' ಗುಂಪಿಗೆ ಬಂದದ್ದು: 'ವ್ರತದ ವಾಸ 14 ಸೆಂ.ಮೀ. ಆದರೆ ಅದರ ಪರಿಧಿ ಕಂಡುಹಿಡಿಯಿರಿ.' ತ ಒತ್ತು ಪೂರ್ತಿ ಹೋಗಿತ್ತು. ಯ ಒತ್ತೂ ಹೋಗಿತ್ತು. ಋಕಾರದ ಬುಡ ಕತ್ತರಿಸಿ, ಉಳಿದ ಚೂರು ರ ಒತ್ತಿನ ಹಾಗೆ ಕಂಡಿರಬೇಕು. ಇದರಲ್ಲಿ ಫೋನನ್ನು ಜಾಸ್ತಿ ಬೈಯುವ ಹಾಗಿಲ್ಲ. ಗೃಹ ಇಲಾಖೆಯನ್ನು ಗ್ರಹ ಇಲಾಖೆ ಅಂತ ಬರೆಯುವ ಮನುಷ್ಯರೇ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ವ್ರತ ಅಂದ ತಕ್ಷಣ ಗುಂಪಿಗೆ ಜೀವ ಬಂತು. ಉಪವಾಸ ಇರಬೇಕು, 'ಉಪ' ಬಿಟ್ಟುಹೋಗಿದೆ ಅಂತ ಒಬ್ಬರು ಹೇಳಿದರು. ವ್ರತವನ್ನು ಸೆಂಟಿಮೀಟರಿನಲ್ಲಿ ಅಳೆಯುವುದು ಹೊಸ ಸಿಲಬಸ್ ಇರಬಹುದು ಅಂತ ಇನ್ನೊಬ್ಬರು. ಲೆಕ್ಕದಲ್ಲಿ ಚುರುಕಾದ ಒಬ್ಬ ಅಪ್ಪ ಮಾತ್ರ ಸುಮ್ನೆ ಕೂರಲಿಲ್ಲ. 14 ಅಂತ ಸಂಖ್ಯೆ ಇದೆ, ಪರಿಧಿ ಕೇಳಿದ್ದಾರೆ, ಹಾಗಾದರೆ 14 ತ್ರಿಜ್ಯವೇ ಇರಬೇಕು ಅಂದುಕೊಂಡರು. ಎರಡು ಗುಣಿಸು 22/7 ಗುಣಿಸು 14. ಉತ್ತರ 88 ಅಂತ ಹಾಕಿದರು. 14 ವ್ಯಾಸ ಆಗಿದ್ದರಿಂದ ಸರಿಯಾದ ಉತ್ತರ 44. ಕಳೆದುಹೋದ ಒಂದು ಯ ಒತ್ತಿನ ಬೆಲೆ ಸರಿಯಾಗಿ ದುಪ್ಪಟ್ಟು. ಮರುದಿನ ಅರ್ಧ ತರಗತಿ 88 ಬರೆದುಕೊಂಡು ಹೋಗಿ ಕೆಂಪು ಗೆರೆ ಹೊತ್ತು ಬಂತು. ಪಾಪ, ಟೀಚರ್‌ಗೆ ತಿಳಿಯದ್ದು ಒಂದೇ. ಇಪ್ಪತ್ತು ಮಕ್ಕಳು ಒಂದೇ ರಾತ್ರಿಯಲ್ಲಿ ಒಂದೇ ತಪ್ಪನ್ನು ಇಷ್ಟು ಮುದ್ದಾಗಿ ಮಾಡಲು ಹೇಗೆ ಸಾಧ್ಯ?

ಅರ್ಕಾವತ್ತಿನದು ಬೇರೆಯದೇ ಪ್ರತಾಪ. ಅದು ಉಳಿದವರ ಹಾಗೆ ಕೆಳಗೆ ನೇತಾಡುವುದಿಲ್ಲ. ರ್ ಅಂತ ಬಾಯಲ್ಲಿ ಮೊದಲು ಹೇಳುತ್ತೇವೆ, ಕೈಯಲ್ಲಿ ಆಮೇಲೆ ಬರೆಯುತ್ತೇವೆ. ಅಕ್ಷರದ ಬಲಗಡೆ ಠೀವಿಯಿಂದ ನಿಲ್ಲುತ್ತದೆ. ನೋಡಲು ಥೇಟ್ ಕನ್ನಡದ ಒಂಬತ್ತು. ಹಾಗಾಗಿ 'ವರ್ಷ' ಒಮ್ಮೊಮ್ಮೆ 'ವಷ೯' ಆಗಿ ಬರುತ್ತದೆ. 'ಶೇಕಡ 10ರ ಸರಳ ಬಡ್ಡಿಯಂತೆ 5,000 ರೂಪಾಯಿಗೆ 2 ವರ್ಷದ ಬಡ್ಡಿ' ಅನ್ನುವ ಲೆಕ್ಕ ಹಾಗೆ ಬಂದಾಗ ಒಬ್ಬರು ಅದನ್ನು 'ಚೆನ್ನಾಗಿ ಕಾಣಲಿ' ಅಂತ ಇಂಗ್ಲಿಷ್ ಅಂಕಿಗೆ ತಿದ್ದಿ '2 ವಷ 9ದ ಬಡ್ಡಿ' ಮಾಡಿದರು. ಗುಂಪು ಎರಡು ಪಕ್ಷವಾಯಿತು. ಎರಡು ವರ್ಷದವರಿಗೆ ಬಡ್ಡಿ 1,000. ಒಂಬತ್ತು ವರ್ಷದವರಿಗೆ 4,500. ಚೀಟಿ ವ್ಯವಹಾರ ಮಾಡುವ ಒಬ್ಬರು ಒಂಬತ್ತರ ಪಕ್ಷಕ್ಕೆ ಗಟ್ಟಿಯಾಗಿ ನಿಂತರು.

ಇದನ್ನು ಫೋನಿಗೆ ಕಲಿಸಿದ್ದೂ ನಾವೇ ಇರಬಹುದು. ಅರ್ಕಾವತ್ತು ಒತ್ತುವ ಕೀ ಸಿಗಲಿಲ್ಲ ಅಂತ ಎಷ್ಟು ವರ್ಷದಿಂದ ಒಂಬತ್ತು ಒತ್ತುತ್ತಿದ್ದೇವೆ? 'ಸೂಯ೯' ಅಂತ ಫ್ಲೆಕ್ಸ್ ಹಾಕಿದ್ದೇವೆ. ಸೊನ್ನೆಯ ಬದಲು ಅಂಕಿಯ ಸೊನ್ನೆ ಒತ್ತಿ 'ಅ೦ಗಡಿ' ತೆರೆದಿದ್ದೇವೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅನುಸ್ವಾರವೇ ಬೇರೆ, ಶೂನ್ಯವೇ ಬೇರೆ. ಅಂಥ ಅಂಗಡಿಯನ್ನು ಹುಡುಕಿದರೆ ಅದು ಸಿಗದೇ ಹೋಗಬಹುದು. ಎದುರಿಗೇ ಇರುತ್ತದೆ, ಆದರೂ ಇರುವುದಿಲ್ಲ.

ನವೆಂಬರಿನಲ್ಲಿ ವೇದಿಕೆಗೆ ವೇದಿಕೆ ಹತ್ತಿ 'ಕನ್ನಡಕ್ಕೆ ಹೆಚ್ಚಿನ ಒತ್ತು ಕೊಡುತ್ತೇವೆ' ಅನ್ನುತ್ತಾರಲ್ಲ, ಆ ಬ್ಯಾನರಿನ ಫೋಟೊ ಹೊಡೆದು ಬಿಗಿಯಾಗಿ ಚೌಕ ಎಳೆದೆ. 'ಹೆಚಿನ ಒತು ಕೊಡುತೇವೆ' ಅಂತ ಬಂತು, ಈ ಸಲ ರಿಪೇರಿಯೂ ಆಗಿರಲಿಲ್ಲ. ಸುಳ್ಳು ಹೇಳಲಿಲ್ಲ ಫೋನು.

ಗುಂಪಿನಲ್ಲಿ ಒಬ್ಬ ಹುಡುಗಿಯ ತಾತ ಇದ್ದಾರೆ, ನಿವೃತ್ತ ಮೇಷ್ಟ್ರು. ತಾವಾಗಿ ಮಾತಾಡುವವರಲ್ಲ. ವೃತ್ತದ ಗಲಾಟೆ ಆದ ಮೇಲೆ ಒಂದು ವಾಯ್ಸ್ ಮೆಸೇಜ್ ಕಳಿಸಿದರು. 'ನೋಡ್ರಪ್ಪಾ, ಕೊನೇ ಸಾಲಿನ ಕೆಳಗೆ ಅರ್ಧ ಬೆರಳಿನಷ್ಟು ಖಾಲಿ ಜಾಗ ಸೇರಿಸಿ ಚೌಕ ಎಳೀರಿ. ಪುಸ್ತಕ ಮಡಿಸಬೇಡಿ, ನೆರಳು ಬೀಳಿಸಬೇಡಿ. ಕಳಿಸೋ ಮುಂಚೆ ಪುಸ್ತಕ ಪಕ್ಕದಲ್ಲಿ ಇಟ್ಕೊಂಡು ಒತ್ತು ಎಣಿಸಿ. ತ, ನ, ಮ, ಯ, ರ, ಲ, ಈ ಆರರ ಒತ್ತಿಗೆ ತಾಯಿ ಅಕ್ಷರದ ಹೋಲಿಕೆಯೇ ಇರೋದಿಲ್ಲ, ಅವನ್ನು ಎರಡು ಸಲ ನೋಡಿ. ಪದಕ್ಕೆ ಅಂಟಿಕೊಂಡು ಒಂಬತ್ತು ಕಂಡರೆ ಅದು ಒಂಬತ್ತಲ್ಲ.' ನಾನು ಹಾಗೇ ಮಾಡಿ ನೋಡಿದೆ. ಪತಿ ಮತ್ತೆ ಪ್ರತಿಯಾದ. ಆದರೆ ಫೋಟೊ ಸ್ವಲ್ಪ ಮಸುಕಾಗಿದ್ದಾಗ 'ಚಿತ್ರ' ಮಾತ್ರ 'ಚಿತ್ತ' ಆಗಿಯೇ ಬಂತು. 'ಚಿತ್ತದಲ್ಲಿರುವ ತ್ರಿಭುಜಗಳನ್ನು ಎಣಿಸಿರಿ' ಅಂತ. ಮಸುಕಿದ್ದರೆ ಜಾಗ ಬಿಟ್ಟೂ ಪ್ರಯೋಜನವಿಲ್ಲ, ಇನ್ನೊಂದು ಫೋಟೊ ಹೊಡೆಯಬೇಕು.

ಮೇಷ್ಟ್ರ ಮಾತನ್ನು ಕೇಳಿಸಿಕೊಂಡವರು ಹನ್ನೊಂದು ಜನ. ಹದಿನೇಳನೇ ನಂಬರಿನ ಅಪ್ಪ ಅವರಲ್ಲಿ ಇರಲಿಲ್ಲ ಅಂತ ಮುಂದಿನ ವಾರ ಗೊತ್ತಾಯಿತು. ಶಾಲೆಯ ನೋಟಿಸ್ ಬೋರ್ಡಿನಲ್ಲಿ 'ತಾಯಂದಿರು ಆಧಾರ್ ಕಾರ್ಡಿನ ಪ್ರತಿಯೊಂದಿಗೆ ಶನಿವಾರ ಬರಬೇಕು' ಅಂತ ಹಾಕಿದ್ದರು. ಅವರು ಫೋಟೊ ಹೊಡೆದರು, ನೀಟಾಗಿ ಚೌಕ ಎಳೆದರು, ಗುಂಪಿಗೆ ಹಾಕಿದರು. 'ತಾಯಂದಿರು ಆಧಾರ್ ಕಾರ್ಡಿನ ಪತಿಯೊಂದಿಗೆ ಶನಿವಾರ ಬರಬೇಕು.'

ಶನಿವಾರ ಶಾಲೆಯ ಅಂಗಳದಲ್ಲಿ ಗಂಡಸರೇ ಗಂಡಸರು. ಕೆಲವರು ರಜೆ ಹಾಕಿ ಬಂದಿದ್ದರು. ನಮ್ಮನೆಯವರು ಇಸ್ತ್ರಿ ಮಾಡಿದ ಷರ್ಟು ತೊಟ್ಟು ನನ್ನ ಪಕ್ಕ ನಿಂತಿದ್ದರು. ಕಚೇರಿಯ ಗುಮಾಸ್ತೆ ಎಲ್ಲರನ್ನೂ ಒಂದು ಸಲ ನೋಡಿ, 'ಜೆರಾಕ್ಸ್ ಎಲ್ಲಿ?' ಅಂದಳು. ಒಬ್ಬರ ಹತ್ತಿರವೂ ಇರಲಿಲ್ಲ.