ಕ್ಯಾತ್ಸಂದ್ರಕ್ಕೆ ಹೋಗಿಬನ್ನಿ ಸಾರ್

ನಮ್ಮ ಬ್ರಾಂಚಿನ ಅಸಿಸ್ಟೆಂಟ್ ಮ್ಯಾನೇಜರ್ ಸಾಹೇಬರನ್ನು ಕಳೆದ ತಿಂಗಳು ಕಣ್ಣೀರಿಟ್ಟು ಬೀಳ್ಕೊಟ್ಟೆವು. ಎಲ್ಲಿಗೆ ಹೋದರು? ಕ್ಯಾತ್ಸಂದ್ರಕ್ಕೆ. ತುಮಕೂರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿ.ಎಚ್. ರಸ್ತೆಯಲ್ಲಿ ಬೆಂಗಳೂರಿನ ಕಡೆ ಮುಖ ಮಾಡಿ ಸಿಟಿ ಬಸ್ ಹತ್ತಿದರೆ, ಕಿಟಕಿ ಪಕ್ಕದ ಸೀಟು ಸಿಕ್ಕಿ ಒಂದು ಸಣ್ಣ ತೂಕಡಿಕೆ ಬರುವಷ್ಟರಲ್ಲಿ ಇಳಿಯಬೇಕಾದ ಊರು ಅದು. ನಾವು ಭಾನುವಾರ ತಟ್ಟೆ ಇಡ್ಲಿ ತಿನ್ನೋಕೆ ಅಂತ ಸುಮ್ನೆ ಹೋಗಿ ಬರುವ ಜಾಗ. ಸಾಹೇಬರ ಮನೆ ಬಟವಾಡಿಯಲ್ಲಿ. ದಿನಾ ಬೆಳಗ್ಗೆ ಗೇಟಿನಿಂದ ಹೊರಗೆ ಬಂದು ಸ್ಕೂಟರನ್ನು ಒಂದು ಕಡೆ ತಿರುಗಿಸುತ್ತಿದ್ದವರು ಇನ್ನು ಮೇಲೆ ಇನ್ನೊಂದು ಕಡೆ ತಿರುಗಿಸಬೇಕು. ಆಗಿದ್ದು ಇಷ್ಟೇ.

ಕಂಪನಿ ಅದೇ. ಒಡವೆ ಇಟ್ಟುಕೊಂಡು ಸಾಲ ಕೊಡುವ ಕಂಪನಿ ನಮ್ಮದು. ಎಂಪ್ಲಾಯಿ ನಂಬರ್ ಅದೇ, ಪಿಎಫ್‌ನ ಯುಎಎನ್ ಅದೇ, ಉಳಿದ ರಜೆ ಹಾಗೇ ಹೋಗುತ್ತದೆ, ಗ್ರಾಚ್ಯುಟಿಗೆ ಸರ್ವಿಸ್ ಕಟ್ ಆಗುವುದಿಲ್ಲ, ಬೈಯುವ ಏರಿಯಾ ಮ್ಯಾನೇಜರ್ ಕೂಡ ಅವರೇ. ಬದಲಾಗಿದ್ದು ಬ್ರಾಂಚ್ ಕೋಡಿನ ಕೊನೆಯ ಎರಡು ಅಂಕಿ.

ಆ ಎರಡು ಅಂಕಿಗೆ ತಲಾ 300 ರೂಪಾಯಿ ವಸೂಲಿ ಆಯಿತು. ಹತ್ತು ಜನ, 3000. ಮ್ಯಾನೇಜರ್ "ನನ್ನದು ಸಾವಿರ ಬರ್ಕೊಳ್ಳಿ" ಅಂದರು. ಬರ್ಕೊಂಡಿದ್ದೇವೆ, ಇನ್ನೂ ಬರೆದಂತೆಯೇ ಇದೆ. ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ, ಫ್ಲೆಕ್ಸು, ಎಲ್ಲರಿಗೂ ಖಾರಾ ಬಾತು ಕಾಫಿ. ಕೊನೆಗೆ ಉಳಿದ ಮೂವತ್ತು ರೂಪಾಯಿಗೆ ಬಂದಷ್ಟು ನಿಂಬೆಹಣ್ಣು ತಂದರು. ದೊಡ್ಡವರಿಗೆ ಬರಿಗೈಯಲ್ಲಿ ನಮಸ್ಕಾರ ಮಾಡಬಾರದಲ್ವಾ.

ಫ್ಲೆಕ್ಸಿನ ಕಥೆ ಹೇಳಲೇಬೇಕು. ಸಾಹೇಬರು ಕೈಮುಗಿದು ನಿಂತ ಫೋಟೊ, ಕೆಳಗೆ ನಮ್ಮ ಬ್ರಾಂಚಿನಲ್ಲಿ ಸೇವೆ ಸಲ್ಲಿಸಿದ ಅವಧಿ, 2019 ಅಂತ ಬರೆದು ಗೀಟು ಹಾಕಿ ಈ ವರ್ಷ. ಫ್ಲೆಕ್ಸ್ ಅಂಗಡಿಯವನು ಪ್ರಿಂಟ್ ಹಾಕುವ ಮೊದಲು ನಮ್ಮ ಆಫೀಸ್ ಹುಡುಗನನ್ನು ಮೆಲ್ಲಗೆ ಕೇಳಿದನಂತೆ, "ಇನ್ನೂ ಚಿಕ್ಕ ವಯಸ್ಸು ಕಣಣ್ಣ, ಏನಾಗಿತ್ತು?"

ಭಾಷಣ ಐದು. ಒಬ್ಬರಿಗೆ ಗಂಟಲು ಕಟ್ಟಿತು. ಒಬ್ಬರು "ತವರು ಮನೆಯಿಂದ ಮಗಳನ್ನು ಕಳಿಸಿದಂತೆ ಆಗುತ್ತಿದೆ" ಅಂದರು. ನಲವತ್ತು ದಾಟಿದ, ಮೀಸೆ ಇರುವ ಮಗಳು ಪೇಟ ಹಾಕಿಕೊಂಡು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಎದ್ದು ನಿಂತು, ಕನ್ನಡಕ ತೆಗೆದು ಒರೆಸಿ, ಮಾತು ಬಾರದೆ "ಬರ್ತೀನಿ" ಅಂತ ಒಂದೇ ಒಂದು ಮಾತು ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಅದು ಎಷ್ಟು ನಿಜವಾದ ಮಾತು ಅಂತ ಆಗ ಗೊತ್ತಿರಲಿಲ್ಲ.

ಈಗ ಬೀಳ್ಕೊಡುಗೆ ಆದ ಆ ಶುಕ್ರವಾರವೇ ನಡೆಯಬೇಕಾಗಿದ್ದ ಇನ್ನೊಂದು ಕೆಲಸದ ಬಗ್ಗೆ ಹೇಳುತ್ತೇನೆ. ಚಾರ್ಜ್ ಕೊಡುವುದು. ನಮ್ಮಲ್ಲಿ ಗಿರವಿ ಇಟ್ಟ ಒಡವೆ ಸ್ಟ್ರಾಂಗ್ ರೂಮಿನಲ್ಲಿ ಇರುತ್ತದೆ. ಒಂದೊಂದು ಸಾಲಕ್ಕೆ ಒಂದೊಂದು ಸೀಲ್ ಮಾಡಿದ ಪ್ಯಾಕೆಟ್, ಮೇಲೆ ಲೋನ್ ನಂಬರ್. ಆ ರೂಮಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಅಸಿಸ್ಟೆಂಟ್ ಮ್ಯಾನೇಜರ್ ಹತ್ತಿರ. ಒಬ್ಬರೇ ತೆಗೆಯೋಕೆ ಆಗಲ್ಲ. ಹಾಗಾಗಿ ಅಸಿಸ್ಟೆಂಟ್ ಮ್ಯಾನೇಜರ್ ಬದಲಾದರೆ ಹೋಗುವವರು, ಬರುವವರು ಇಬ್ಬರೂ ಕೂತು ಪ್ರತಿ ಪ್ಯಾಕೆಟನ್ನೂ ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ನಂಬರ್ ಸರಿ ಇದೆಯಾ, ಸೀಲ್ ಒಡೆದಿದೆಯಾ, ಕವರಿನ ಮೇಲೆ ಬರೆದ ತೂಕವೇ ತಕ್ಕಡಿಯಲ್ಲೂ ಬರುತ್ತಾ ಅಂತ. ಒಂದಕ್ಕೆ ಒಂದು ನಿಮಿಷ ಅಂದುಕೊಳ್ಳಿ. ಆ ದಿನ ನಮ್ಮಲ್ಲಿ 612 ಪ್ಯಾಕೆಟ್ ಇದ್ದವು. ಹತ್ತು ಗಂಟೆಗೂ ಜಾಸ್ತಿ ಕೆಲಸ, ಅಂದರೆ ಕೌಂಟರ್ ನಡೆಸಿಕೊಂಡು ಮಾಡಿದರೆ ಎರಡು ದಿನ.

ನಮ್ಮಲ್ಲಿ ಇದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ರಿಜಿಸ್ಟರಿನಲ್ಲಿ ಶುರುವಾದ ಸಮಯ 3.30, ಮುಗಿದ ಸಮಯ 3.50 ಅಂತ ಅವರ ಕೈಬರಹದಲ್ಲೇ ಇದೆ. ಲೆಕ್ಕ ಹಾಕಿದೆ, ಒಂದು ಪ್ಯಾಕೆಟ್‌ಗೆ ಎರಡು ಸೆಕೆಂಡ್ ಕೂಡ ಬೀಳುವುದಿಲ್ಲ. "ಪಟ್ಟಿಯಂತೆ ಪರಿಶೀಲಿಸಲಾಗಿ ಸರಿ ಇದೆ" ಅನ್ನುವ ಒಂದು ಸಾಲು ಬರೆಯೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಯಾಕೆ ಇಷ್ಟು ಅವಸರ ಅಂದರೆ ನಾಲ್ಕು ಗಂಟೆಗೆ ಶಾಲು ಇತ್ತು. ಖಾರಾ ಬಾತು ಆರುತ್ತಿತ್ತು.

ಸಾಹೇಬರ ಜಾಗಕ್ಕೆ ಬಂದು ಚಾರ್ಜ್ ತಗೊಂಡು ಸಹಿ ಹಾಕಿದ ಮೇಡಮ್ ಎಲ್ಲಿಂದ ಬಂದವರು ಅಂತ ನೀವು ಕೇಳಲಿಲ್ಲ. ಕ್ಯಾತ್ಸಂದ್ರ ಬ್ರಾಂಚಿನಿಂದಲೇ. ಅದಲು ಬದಲು. ನಮ್ಮವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಶನಿವಾರ ಸಂಜೆ ಅಲ್ಲೂ ಒಂದು ಬೀಳ್ಕೊಡುಗೆ ಆಯಿತು, ಅಲ್ಲೂ ಮೊದಲು ಇಪ್ಪತ್ತು ನಿಮಿಷದ ಚಾರ್ಜು, ಆಮೇಲೆ ಶಾಲು. ಅಲ್ಲಿ ಸೀರೆ ಕೊಟ್ಟರಂತೆ, ನಮ್ಮ ಶಾಲಿಗಿಂತ ಚೆನ್ನಾಗಿತ್ತಂತೆ. ಈ ನಡುವೆ ಒಂದು ಸಣ್ಣ ಎಡವಟ್ಟು. ಶುಕ್ರವಾರ ಸಹಿ ಹಾಕಿದ ಮೇಡಮ್ ನಮ್ಮ ಸ್ಟ್ರಾಂಗ್ ರೂಮಿನ ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರು, ಶನಿವಾರ ಬೆಳಗ್ಗೆ ಅವರು ತಮ್ಮ ವಿದಾಯಕ್ಕೆ ಅಲ್ಲಿದ್ದರು, ನಾವು ಇಲ್ಲಿ ಬಾಗಿಲು ಮುಂದೆ ನಿಂತಿದ್ದೆವು, ಗಿರಾಕಿಗಳು ನಮ್ಮ ಮುಂದೆ ನಿಂತಿದ್ದರು. ಆಮೇಲೆ ಮೇಡಮ್ ಆಟೋ ಮಾಡಿಕೊಂಡು ಬಂದು ಬೀಗ ತೆಗೆದು, ಇಡೀ ದಿನ ಇಲ್ಲೇ ಕೂತು, ಸಂಜೆ ಬೀಗ ಹಾಕಿ, ಸೀರೆ ತಗೊಳ್ಳೋಕೆ ವಾಪಸ್ ಓಡಿದರು.

ಸೋಮವಾರ ಇನ್ನೊಂದು. ನಮ್ಮ ಸಾಫ್ಟ್‌ವೇರಿನಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಓಕೆ ಮಾಡಬೇಕು. ಸಾಹೇಬರ ಓಕೆಗೆ ಕಾಯುತ್ತಿದ್ದ ಮೂರು ಎಂಟ್ರಿ ಶುಕ್ರವಾರ ಹಾಗೇ ಉಳಿದಿದ್ದವು, ಅವರು ಪೇಟ ಕಟ್ಟಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹೆಡ್ ಆಫೀಸಿನವರು ಅವರ ಐಡಿಯನ್ನು ಕ್ಯಾತ್ಸಂದ್ರಕ್ಕೆ ದಾಟಿಸಿಬಿಟ್ಟರು. ಆ ಎಂಟ್ರಿಗಳು ಅವರ ಹೆಸರಲ್ಲೇ ನಿಂತಿವೆ, ಆದರೆ ಅವರಿಗೆ ಕಾಣುವುದು ಕ್ಯಾತ್ಸಂದ್ರದ ಸ್ಕ್ರೀನು. ನಮಗೆ ಕಾಣುತ್ತವೆ, ಓಕೆ ಮಾಡೋಕೆ ಆಗಲ್ಲ. ಫೋನ್ ಮಾಡಿದೆವು. ಸಾಹೇಬರು ಬಂದರು. ಬಂದು ಏನೂ ಮಾಡೋಕೆ ಆಗಲಿಲ್ಲ, ಕಾಫಿ ಕುಡಿದು ಹೋದರು.

ಆದರೆ ನಿಜವಾದ ಮಜಾ ಮಂಗಳವಾರ. ಗುಬ್ಬಿ ಕಡೆಯ ಒಬ್ಬರು ಅಜ್ಜಿ, ಮಗಳ ಸೀಮಂತ ಇದೆ ಅಂತ ಸಾಲ ತೀರಿಸಿ ಎರಡು ಬಳೆ, ಒಂದು ಗುಂಡಿನ ಸರ ಬಿಡಿಸಿಕೊಳ್ಳೋಕೆ ಬಂದರು. ದುಡ್ಡು ಕಟ್ಟಿಸಿಕೊಂಡೆವು, ರಸೀದಿ ಕೊಟ್ಟೆವು, ಮ್ಯಾನೇಜರೂ ಮೇಡಮ್ಮೂ ಒಳಗೆ ಹೋದರು. ಆ ನಂಬರಿನ ಪ್ಯಾಕೆಟ್ ಟ್ರೇಯಲ್ಲಿ ಇಲ್ಲ. ಪಕ್ಕದ ಟ್ರೇ, ಅದರ ಕೆಳಗಿನ ಟ್ರೇ, ಇಲ್ಲ. ಮೇಡಮ್ ಮುಖ ಬೆಳ್ಳಗಾಯಿತು. ಸರಿ ಇದೆ ಅಂತ ಸಹಿ ಹಾಕಿದವರು ಅವರೇ ತಾನೇ? ಸಾಲ ತೀರಿದ ಮೇಲೆ ಒಡವೆ ವಾಪಸ್ ಕೊಡುವುದು ತಡವಾದರೆ ದಿನಕ್ಕೆ 5000 ರೂಪಾಯಿ ಗಿರಾಕಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿದೆ. ಏಳು ಕೆಲಸದ ದಿನ ದಾಟಿದರೆ ಲೆಕ್ಕ ಶುರು. ಮ್ಯಾನೇಜರ್ ಆ ಸುತ್ತೋಲೆಯನ್ನು ಇನ್ನೊಂದು ಸಲ ಓದಿ ನೀರು ಕುಡಿದರು.

ಅಜ್ಜಿ ಏನೂ ಅನ್ನಲಿಲ್ಲ. ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ ಫ್ಲೆಕ್ಸ್ ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಸ್ಕೂಟರ್ ನಿಲ್ಲಿಸಿ ಸಾಹೇಬರು ಒಳಗೆ ಬಂದರು. ಅಜ್ಜಿ ಫ್ಲೆಕ್ಸ್ ನೋಡಿದರು, ಅವರನ್ನು ನೋಡಿದರು, ಮತ್ತೆ ಫ್ಲೆಕ್ಸ್ ನೋಡಿದರು.

ಪ್ಯಾಕೆಟ್ ಐದು ನಿಮಿಷಕ್ಕೆ ಸಿಕ್ಕಿತು. ಸಾಲ ರಿನ್ಯೂ ಮಾಡಿದಾಗ ಕಂಪ್ಯೂಟರ್ ಹೊಸ ನಂಬರ್ ಕೊಡುತ್ತದೆ. ಪ್ಯಾಕೆಟ್ ಮೇಲೂ ಹೊಸ ನಂಬರ್ ಅಂಟಿಸಬೇಕು. ಸಾಹೇಬರು ಅಂಥವನ್ನೆಲ್ಲ "ಆಮೇಲೆ ಅಂಟಿಸೋಣ" ಅಂತ ತಳದ ಟ್ರೇಯಲ್ಲಿ, ಹಳೇ ನಂಬರಿನಲ್ಲೇ ಬೇರೆ ಇಟ್ಟಿದ್ದರು. ಒಟ್ಟು ಹದಿನಾಲ್ಕು. ಇದು ಯಾವ ರಿಜಿಸ್ಟರಿನಲ್ಲೂ ಇಲ್ಲ, ಅವರ ತಲೆಯಲ್ಲಿ ಮಾತ್ರ ಇತ್ತು. ಒಂದೊಂದೇ ಪ್ಯಾಕೆಟ್ ತೆಗೆದು ತಾಳೆ ನೋಡಿದ್ದರೆ ಮೊದಲ ದಿನವೇ ಹದಿನಾಲ್ಕೂ ಹೊರಗೆ ಬೀಳುತ್ತಿದ್ದವು. ಐದು ಭಾಷಣದಲ್ಲಿ ಅವರ ಸರಳತೆ, ಸಮಯಪಾಲನೆ, ನಗುಮುಖ ಎಲ್ಲ ಬಂತು. ತಳದ ಟ್ರೇ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ಅವರೂ ಕೂಡ.

"ಒಂದ್ ಮಾತು ಹೇಳ್ಬಾರ್ದಿತ್ತಾ ಸಾರ್?" ಅಂತ ಮೇಡಮ್ ಕೇಳಿದರು.

"ಹೇಳೋಣ ಅಂತಿದ್ದೆ ಮೇಡಮ್, ಅಷ್ಟರಲ್ಲಿ ಹಾರ ಹಾಕ್ಬಿಟ್ರು."

ಮೇಡಮ್ ಇದಕ್ಕಿಂತ ಜಾಸ್ತಿ ಬೈಯಲಿಲ್ಲ. ಯಾಕೆಂದರೆ ಅವರ ಫೋನಿಗೂ ಕ್ಯಾತ್ಸಂದ್ರದಿಂದ ಕಾಲ್ ಬರುತ್ತಿತ್ತು. ಅಲ್ಲೂ ಒಂದು ತಳದ ಟ್ರೇ ಇತ್ತಂತೆ.

ಹೀಗಾಗಿ ಆ ವಾರ ಪೂರ್ತಿ ಸಾಹೇಬರು ಕ್ಯಾತ್ಸಂದ್ರದಿಂದ ಇಲ್ಲಿಗೆ, ಮೇಡಮ್ ಇಲ್ಲಿಂದ ಕ್ಯಾತ್ಸಂದ್ರಕ್ಕೆ. ಇಬ್ಬರೂ ಸ್ಕೂಟರಿನಲ್ಲಿ ಬಟವಾಡಿ ಹತ್ತಿರ ಎದುರುಬದುರಾಗಿ ಕೈ ಎತ್ತಿಕೊಂಡು ಹೋಗುತ್ತಿದ್ದರು. ಸಾಹೇಬರು ನಮ್ಮ ಬ್ರಾಂಚಿನಲ್ಲಿ ಇದ್ದಾಗ ಸಂಜೆ ಆರಕ್ಕೆ ಸರಿಯಾಗಿ ಹೊರಡುತ್ತಿದ್ದರು, ಬಿಟ್ಟುಹೋದ ಮೇಲೆ ಎಂಟಾದರೂ ಇಲ್ಲೇ. ಕೊನೆಗೆ ಏರಿಯಾ ಮ್ಯಾನೇಜರಿಗೆ ಸುದ್ದಿ ಮುಟ್ಟಿ, ಎರಡೂ ಕಡೆ ಮೊದಲಿನಿಂದ ಪ್ಯಾಕೆಟ್ ಎಣಿಸಿ ಅಂತ ಆರ್ಡರ್ ಆಯಿತು. ನಮ್ಮಲ್ಲಿ ಎರಡು ಸಂಜೆ ಹಿಡಿಯಿತು. ಶಾಲು ಇಲ್ಲ, ಫ್ಲೆಕ್ಸ್ ಇಲ್ಲ, ಮೂವರು ನೆಲದ ಮೇಲೆ ಕೂತು ಒಬ್ಬರು ನಂಬರ್ ಕೂಗುವುದು, ಒಬ್ಬರು ತೂಕ ಹಾಕುವುದು, ಒಬ್ಬರು ಟಿಕ್ ಹಾಕುವುದು. ಸಾಹೇಬರೇ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಪಾರ್ಸೆಲ್ ತಂದಿದ್ದರು, ಯಾರೂ ತಲಾ ಇಷ್ಟು ಅಂತ ಕೇಳಲಿಲ್ಲ. ಹದಿನಾಲ್ಕು ಕವರಿಗೂ ಹೊಸ ನಂಬರ್ ಅಂಟಿಸಿ, ರಿಜಿಸ್ಟರಿನಲ್ಲಿ ಶುರು 5.45, ಮುಕ್ತಾಯ 10.40 ಅಂತ ಬರೆದು ಸಹಿ ಹಾಕಿದರು.

ಆಮೇಲೆ ಹೆಲ್ಮೆಟ್ ತಗೊಂಡು ಬಾಗಿಲ ಹತ್ತಿರ ನಿಂತು "ಬರ್ತೀನಿ ಕಣ್ರಪ್ಪಾ" ಅಂದರು.

ಶಟರ್ ಎಳೆಯೋಕೆ ಕಾಯುತ್ತಿದ್ದ ಆಫೀಸ್ ಹುಡುಗ ಕೇಳಿದ, "ನಾಳೆ ಎಷ್ಟೊತ್ತಿಗೆ ಸಾರ್?"